ಅಕ್ಷರ ಬರದ ಇಪ್ಪತ್ತಾರು ಸೆಕೆಂಡು

ನನ್ನ ಬಾಯಿ ಸರಿಯಿಲ್ಲ ಅನ್ನುವುದು ಕೊಡ್ಲಿಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕೈಯೂ ಸರಿಯಿಲ್ಲ ಅನ್ನುವುದು ನನಗೇ ಗೊತ್ತಾದದ್ದು ಈ ವರ್ಷ ಮೇ ತಿಂಗಳಲ್ಲಿ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದೆ ಇದ್ದರೆ ಇನ್ನೂ ನಾಚಿಕೆ, ಅದಕ್ಕೇ ಹೇಳುತ್ತಿದ್ದೇನೆ.

ಬಸ್ ಸ್ಟ್ಯಾಂಡಿನ ಎದುರಿನ ಮೆಟ್ಟಿಲು ಹತ್ತಿದರೆ ನನ್ನ ಅಂಗಡಿ. ಮುಂದಿನ ಭಾಗದಲ್ಲಿ ನಾನು, ಅನುಪಮಾ. ವೆಬ್‌ಸೈಟ್ ಮಾಡಿಕೊಡುತ್ತೇನೆ, ಜೊತೆಗೆ ಪಹಣಿ ಪ್ರಿಂಟು, ಅರ್ಜಿ ತುಂಬುವುದು, ಎಲ್ಲ. ಒಳಗಿನ ಮೂಲೆಯಲ್ಲಿ ಮಹೇಶ, ಮದುವೆ ವಿಡಿಯೊ ತೆಗೆಯುವವನು, ಬಾಡಿಗೆಯಲ್ಲಿ ಅರ್ಧ ಪಾಲುದಾರ. ಹನ್ನೆರಡು ಹೋಂಸ್ಟೇಗಳಿಗೆ ಸೈಟು ಮಾಡಿದ್ದೇನೆ ಅನ್ನುವ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಹನ್ನೆರಡರಲ್ಲೂ ಪುಟ ತೆರೆದ ಕೂಡಲೇ ಮಂಜು, ಕಾಫಿ ಹೂವು, ಒಂದು ಬಟ್ಟಲು ಕಾಫಿಯ ಹಬೆ, ಇಷ್ಟರ ಸದ್ದಿಲ್ಲದ ವಿಡಿಯೊ ತಾನಾಗಿ ಓಡುತ್ತಿರುತ್ತದೆ. ಅದಕ್ಕೆ ಒಂದೇ ಸಾಲು ಕೋಡ್. ಒಮ್ಮೆ ಬರೆದದ್ದನ್ನೇ ಹನ್ನೆರಡು ಕಡೆ ಅಂಟಿಸಿದ್ದೆ.

ಏಪ್ರಿಲ್ ಕೊನೆಯಲ್ಲಿ ಮೆಣಸು ಬೆಳೆಗಾರರ ಸಂಘದ ಕಾರ್ಯದರ್ಶಿ ಶಿವಪ್ರಕಾಶ್ ಬಂದರು. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಸುಣ್ಣ, ಮೈಲುತುತ್ತಿನ ಬೋರ್ಡೋ ಔಷಧಿ ಹೊಡೆಯಬೇಕಲ್ಲ, ಅದನ್ನು ಕಲೆಸುವ ಸರಿಯಾದ ರೀತಿ ಹುಡುಗರಿಗೆ ಮರೆತೇ ಹೋಗಿದೆ, ಒಂದು ವಿಡಿಯೊ ಮಾಡಿ ಸಂಘದ ಸೈಟಿಗೆ ಹಾಕಬೇಕು ಅಂದರು. ಹೇಳಿಕೊಡುವವರು ಸಣ್ಣಸ್ವಾಮಣ್ಣ. ನಲವತ್ತು ವರ್ಷದಿಂದ ಈ ಸುತ್ತಿನ ತೋಟಗಳಲ್ಲಿ ಔಷಧಿ ಹೊಡೆದವರು. ಸಹಿ ಒಂದು ಬಿಟ್ಟರೆ ಓದು ಬರಹ ಬಾರದು, ಆದರೆ ಮೈಲುತುತ್ತಿನ ನೀಲಿ ನೋಡಿಯೇ ಹದ ಹೇಳುತ್ತಾರೆ.

ಮಹೇಶ ಒಂದೇ ಬೆಳಗಿನಲ್ಲಿ ಶೂಟಿಂಗ್ ಮುಗಿಸಿದ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣದ ನೀರು, ಇನ್ನೊಂದರಲ್ಲಿ ಮೈಲುತುತ್ತಿನ ನೀರು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ತಿರುವುತ್ತಲೇ ಇರಬೇಕು, ತಿರುಗುಮುರುಗು ಮಾಡಬಾರದು. ಆಮೇಲೆ ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಕಾಯಬೇಕು. ಕತ್ತಿ ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೆ ಕತ್ತಿ ಅದ್ದಿ ಕಾಯುವ ಹೊತ್ತಿನಲ್ಲಿ ಸಣ್ಣಸ್ವಾಮಣ್ಣ ಕ್ಯಾಮೆರಾ ಕಡೆ ನೋಡಿಕೊಂಡು ಮನೆ ವಿಷಯ ಏನೋ ಮಾತಾಡಿದರು. ಮಹೇಶ ಅದನ್ನು ಕತ್ತರಿಸೋಣ ಅಂದ. ಕತ್ತರಿಸಿದರೆ ಕತ್ತಿ ಅದ್ದಿದ ತಕ್ಷಣ ಎತ್ತಿದ ಹಾಗೆ ಕಾಣುತ್ತದೆ, ಕಾಯಬೇಕು ಅನ್ನುವುದೇ ಗೊತ್ತಾಗುವುದಿಲ್ಲ, ಬಿಡು ಅಂದೆ. ಅವರು ಏನು ಮಾತಾಡಿದರು ಅಂತ ನಾನು ಅರ್ಧ ಕಿವಿಯಲ್ಲಿ ಕೇಳಿದ್ದೆ.

ನಾನು ಮಾಡಿದ ಕೆಲಸ ಏನು ಗೊತ್ತೆ? ಹೋಂಸ್ಟೇಯ ಅದೇ ಸಾಲನ್ನು ತಂದು ಅಂಟಿಸಿ, ಫೈಲಿನ ಹೆಸರು ಬದಲಾಯಿಸಿದೆ. ಹತ್ತು ನಿಮಿಷದ ಕೆಲಸ.

ಸಂಘದ ಕಚೇರಿಯ ದೊಡ್ಡ ಟಿವಿಯಲ್ಲಿ ಪುಟ ತೆರೆದ ದಿನ ಇಪ್ಪತ್ತು ಮೂವತ್ತು ಜನ ಇದ್ದರು. ಸಣ್ಣಸ್ವಾಮಣ್ಣ ಒಗೆದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ವಿಡಿಯೊ ತಾನಾಗಿ ಶುರುವಾಯಿತು. ಅವರ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಧ್ವನಿ ಮಾತ್ರ ಇಲ್ಲ. ನಿಲ್ಲಿಸೋಣ ಅಂದರೆ ಗುಂಡಿಯಿಲ್ಲ, ಸೌಂಡ್ ಕೊಡೋಣ ಅಂದರೆ ಅದಕ್ಕೂ ಗುಂಡಿಯಿಲ್ಲ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರು.

"ಏನ್ ಸಣ್ಣಸ್ವಾಮಿ, ಹೆಂಡ್ತಿಗೆ ಕಿವಿ ಹೋಯ್ತು, ನಿಂಗೆ ಬಾಯೂ ಹೋಯ್ತಾ?" ಅಂತ ಹಿಂದಿನಿಂದ ಯಾರೋ ಅಂದರು. ಎಲ್ಲ ನಕ್ಕರು. ಸಣ್ಣಸ್ವಾಮಣ್ಣನೂ ನಕ್ಕರು. ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡುತ್ತಿದ್ದರು.

ತಪ್ಪಾಯಿತು ಅನ್ನಬೇಕಿತ್ತು. ನಾನು ಪಾಠ ಮಾಡಿದೆ. "ತಾನಾಗಿ ಓಡೋ ವಿಡಿಯೊ ಸದ್ದು ಮಾಡೋ ಹಾಗಿಲ್ಲ ಸಾರ್, ಬ್ರೌಸರ್‌ನೋರೇ ಬಿಡಲ್ಲ. ಮ್ಯೂಟ್ ಮಾಡಿದ್ರೆ ಮಾತ್ರ ಓಡುತ್ತೆ." ಮಾತು ಸರಿಯೇ. ಆದರೆ ಈ ವಿಡಿಯೊ ತಾನಾಗಿ ಓಡಬೇಕು ಅಂತ ಯಾರೂ ಕೇಳಿರಲಿಲ್ಲ.

ಮಾರನೆಯ ಮಧ್ಯಾಹ್ನ ಶಿವಪ್ರಕಾಶ್ ಫೋನ್ ಮಾಡಿದರು. "ನೋಡಮ್ಮ, ಮೂರು ಕೆಲ್ಸ. ನಿಲ್ಸೋಕೆ, ಸೌಂಡಿಗೆ ಗುಂಡಿ ಬರ್ಬೇಕು. ಹಳೇ ಫೋನಿನೋರಿಗೆ ವಿಡಿಯೊ ಬರ್ದೇ ಇದ್ರೆ ಒಂದು ಸೂಚನೆ ಬರ್ಬೇಕು. ಆಮೇಲೆ ಮಾತಿಗೆ ಸರಿಯಾಗಿ ಕೆಳಗಡೆ ಕನ್ನಡ ಅಕ್ಷರ ಬರ್ಬೇಕು. ಅದು ಸಣ್ಣಸ್ವಾಮಿ ಕೇಳ್ಕೊಂಡಿದ್ದು. ಅವರ ಮನೆಯೋರು ರಂಗಮ್ಮಂಗೆ ಕಿವಿ ಕೇಳಲ್ಲ, ಓದೋಕೆ ಬರ್ತದೆ. ನಾನು ಹೇಳಿದ್ದನ್ನ ಅವಳು ಓದ್ಬೇಕು ಅಂತ ಬೆಳಿಗ್ಗೆಯಿಂದ ಮೂರು ಸಲ ಬಂದು ಹೇಳಿ ಹೋಗವ್ರೆ. ನಾಳೆ ಹತ್ತು ಗಂಟೆಗೆ ಲಿಂಕ್ ಎಲ್ಲಾರಿಗೂ ಕಳಿಸ್ತೀನಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಈಗ ಗೊತ್ತು, ನನ್ನ ಮೇಲೆಯೇ. ಆಗ ಗೊತ್ತಿರಲಿಲ್ಲ, ಅದಕ್ಕೆ ಕೀಬೋರ್ಡಿನ ಮೇಲೆ ತೀರಿಸಿಕೊಂಡೆ.

ಗುಂಡಿಗಳ ಕೆಲಸ ಒಂದು ಶಬ್ದದ್ದು. ವಿಡಿಯೊ ಟ್ಯಾಗಿನಲ್ಲಿ, ಅಂದರೆ ನಾನು ಅಂಟಿಸಿದ ಆ ಕೋಡಿನ ಸಾಲಿನಲ್ಲಿ, ಆಟೊಪ್ಲೇ, ಮ್ಯೂಟೆಡ್, ಲೂಪ್ ಅನ್ನುವ ಮೂರು ಶಬ್ದ ಅಳಿಸಿ ಕಂಟ್ರೋಲ್ಸ್ ಅಂತ ಬರೆದರೆ ಆಯಿತು, ಪ್ಲೇ ಗುಂಡಿ, ಸೌಂಡು, ಮುಂದೆ ಹಿಂದೆ ಎಳೆಯುವ ಪಟ್ಟಿ ಎಲ್ಲ ಬ್ರೌಸರೇ ಕೊಡುತ್ತದೆ. ಒಂದು ಶಬ್ದ ಬರೆಯದೆ ಆ ಮನುಷ್ಯನನ್ನು ಮೂವತ್ತು ಜನರ ಮುಂದೆ ಮೂಗನನ್ನಾಗಿ ಕೂರಿಸಿದ್ದೆ.

ಅಕ್ಷರದ್ದು ಮಾತ್ರ ಮೈಮುರಿಯುವ ಕೆಲಸ. ಇಷ್ಟನೇ ಸೆಕೆಂಡಿನಿಂದ ಇಷ್ಟನೇ ಸೆಕೆಂಡಿನವರೆಗೆ ಈ ಸಾಲು ಅಂತ ಒಂದೊಂದೇ ಬರೆದು ಬೇರೆ ಫೈಲು ಮಾಡಬೇಕು, ಆಮೇಲೆ ವಿಡಿಯೊ ಟ್ಯಾಗಿನ ಒಳಗೆ ಟ್ರ್ಯಾಕ್ ಅಂತ ಬರೆದು ಆ ಫೈಲನ್ನು ತೋರಿಸಬೇಕು, ಭಾಷೆ ಕನ್ನಡ ಅನ್ನಬೇಕು, ಡಿಫಾಲ್ಟ್ ಅಂತ ಸೇರಿಸಿದರೆ ಯಾರೂ ಗುಂಡಿ ಒತ್ತದೆಯೂ ಅಕ್ಷರ ಕಾಣುತ್ತದೆ. ಮಹೇಶ ತನ್ನ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಟೈಮು ಹಾಕಿ ಫೈಲು ಕೊಟ್ಟ, ನಾನು ಮಾತು ತುಂಬಿದೆ. ಹಾಕಿ ನೋಡಿದರೆ ಒಂದಕ್ಷರವೂ ಇಲ್ಲ. ತಪ್ಪಾಗಿದೆ ಅಂತ ಪರದೆಯ ಮೇಲೆ ಹೇಳುವುದೂ ಇಲ್ಲ, ಸುಮ್ಮನೆ ಖಾಲಿ. ಒಂದು ಗಂಟೆ ಒದ್ದಾಡಿದ ಮೇಲೆ ಗೊತ್ತಾಯಿತು, ಅವನು ಕೊಟ್ಟದ್ದು ಬೇರೆ ನಮೂನೆಯ ಫೈಲು. ಬ್ರೌಸರಿಗೆ ಬೇಕಾದ ಫೈಲಿನಲ್ಲಿ ಮೊದಲ ಸಾಲಿನಲ್ಲೇ ವೆಬ್‌ವಿಟಿಟಿ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇರಬೇಕು. ಸೆಕೆಂಡಿನ ಮುಂದೆ ಅವನದ್ದರಲ್ಲಿ ಕಾಮಾ ಇತ್ತು, ಇದಕ್ಕೆ ಚುಕ್ಕಿ ಬೇಕು. ಎಪ್ಪತ್ತು ಚಿಲ್ಲರೆ ಸಾಲು ಸರಿಮಾಡಿದೆ. ಆಗ ಬಂತು, ಅವರ ಬಾಯಿಗೆ ಸರಿಯಾಗಿ ಕೆಳಗೆ ಕನ್ನಡ. ಮಹೇಶ ಚಪ್ಪಾಳೆ ತಟ್ಟಿದ.

ಮಾತು ತುಂಬುವಾಗ, ಕತ್ತಿ ಅದ್ದಿ ಕಾಯುವ ಜಾಗಕ್ಕೆ ಬರುವಷ್ಟರಲ್ಲೇ ನನಗೆ ಸಾಕುಸಾಕಾಗಿತ್ತು. ಇಪ್ಪತ್ತಾರು ಸೆಕೆಂಡು ಮನೆ ಮಾತು. ಬೆಳೆಗಾರರಿಗೆ ಅದರಿಂದ ಏನಾಗಬೇಕು ಅಂದುಕೊಂಡು ಅಷ್ಟನ್ನೂ ಬಿಟ್ಟು, "ಈಗ ಕತ್ತಿ ಎತ್ತಿ ನೋಡಿ" ಅನ್ನುವ ಸಾಲಿಗೆ ಹಾರಿದ್ದೆ.

ಉಳಿದದ್ದು ಹಳೇ ಫೋನಿನವರ ಸೂಚನೆ. ಅದನ್ನು ವಿಡಿಯೊ ಟ್ಯಾಗು ತೆರೆದು ಮುಚ್ಚುವುದರ ನಡುವೆ ಬರೆಯುತ್ತಾರೆ. ವಿಡಿಯೊ ಟ್ಯಾಗು ಅಂದರೇನು ಅಂತ ತಿಳಿದಿರುವ ಬ್ರೌಸರು ಅದನ್ನು ತೋರಿಸುವುದೇ ಇಲ್ಲ. ನೆಟ್ ಇಲ್ಲದೆ ವಿಡಿಯೊ ನಿಂತರೂ ತೋರಿಸುವುದಿಲ್ಲ. ಅದರ ಹೆಸರೇ ಕೇಳಿಲ್ಲದ ಹಳೇ ಬ್ರೌಸರಿಗೆ ಮಾತ್ರ ಅದು ಕಾಣುತ್ತದೆ. ಈಗಿನ ಕಾಲದಲ್ಲಿ ಅಂಥದ್ದು ಯಾರ ಹತ್ತಿರ ಇದೆ? ನನ್ನ ಕಂಪ್ಯೂಟರಿನಲ್ಲೂ ಕಾಣದು, ಮಹೇಶನ ಫೋನಿನಲ್ಲೂ ಕಾಣದು, ಹತ್ತು ವರ್ಷದಲ್ಲಿ ನಾನೇ ಒಮ್ಮೆಯೂ ನೋಡಿಲ್ಲ. ಹಾಗಾಗಿ ಮಹೇಶನನ್ನು ನಗಿಸಲು ಬರೆದೆ:

"ಈ ಡಬ್ಬಾ ಫೋನಿಗೆ ವಿಡಿಯೊ ಬೇರೆ ಕೇಡು! ಮೊದ್ಲು ಇದನ್ನ ತಿಪ್ಪೆಗೆ ಎಸೆದು ಬಾ ಹೋಗು."

ಮಹೇಶ ಬಿದ್ದು ಬಿದ್ದು ನಕ್ಕ. "ಅಳಿಸೇ, ಯಾರಾದ್ರೂ ನೋಡಿದ್ರೆ" ಅಂದ. "ಯಾರು ನೋಡ್ತಾರೋ, ಆಮೇಲೆ ಅಳಿಸ್ತೀನಿ" ಅಂದೆ. ಅಷ್ಟರಲ್ಲಿ ಯಾರೋ ಜಾತಿ ಪ್ರಮಾಣಪತ್ರದ ಅರ್ಜಿ ಹಿಡಿದುಕೊಂಡು ಬಂದರು. ಪುಟವನ್ನು ಸರ್ವರಿಗೆ ಏರಿಸಿ ಎದ್ದೆ. ಮರೆತೆ.

ಮೂರು ದಿನ ಕಳೆದ ಮೇಲೆ, ಹನ್ನೊಂದು ಗಂಟೆಯ ಹೊತ್ತಿಗೆ, ಅರವತ್ತರ ಹತ್ತಿರದ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಕರವಸ್ತ್ರದಲ್ಲಿ ಸುತ್ತಿದ ಕೀಪ್ಯಾಡ್ ಫೋನು.

"ಸಣ್ಣಸ್ವಾಮಿ ಮನೆಯೋಳು ನಾನು, ರಂಗಮ್ಮ" ಅಂದರು. ಕಿವಿ ಕೇಳದವರ ಮಾತು, ಸ್ವಲ್ಪ ಜೋರು, ಏರಿಳಿತ ಇಲ್ಲ. "ಹದಿನೆಂಟು ವರ್ಷ ಆಯ್ತು ಕಣವ್ವ ಕಿವಿ ಹೋಗಿ. ಒಂದು ಜ್ವರ ಬಂತು, ತಗೊಂಡು ಹೋಯ್ತು."

ಯಾಕೆ ಬಂದಿದ್ದಾರೆ ಅಂತ ಹೊಳೆಯಲಿಲ್ಲ. ಕುರ್ಚಿ ತೋರಿಸಿದೆ.

ಅವರು ಕರವಸ್ತ್ರ ಬಿಚ್ಚಿದರು. ಫೋನಿನ ಅಂಚು ಸವೆದು ಬೆಳ್ಳಗಾಗಿತ್ತು, ಅಂಕಿಗಳು ಅಳಿಸಿಹೋಗಿದ್ದವು. "ಶನಿವಾರಸಂತೆಗೆ ಕೊಟ್ಟಿದೀವಲ್ಲ, ನಮ್ಮ ಮಗಳು ಸೌಮ್ಯ, ಅವಳು ಒಂಬತ್ತು ವರ್ಷದಿಂದ ಇದಕ್ಕೇ ಕನ್ನಡದಲ್ಲಿ ಮೆಸೇಜ್ ಹಾಕ್ತಾಳೆ. ಹೆರಿಗೆ ಆಗಿದ್ದೂ ಇದ್ರಲ್ಲೇ ಗೊತ್ತಾಗಿದ್ದು." ಹೀಗೆ ಹೇಳಿ ಫೋನನ್ನು ಕೈಯಲ್ಲೇ ಇಟ್ಟುಕೊಂಡರು. "ಕಾರ್ಯದರ್ಶಿಗಳು ಇದಕ್ಕೂ ಲಿಂಕ್ ಹಾಕಿದ್ರು. ನಮ್ಮೋರು ಬೆಳಿಗ್ಗೆ ಕೆಲ್ಸಕ್ಕೆ ಹೋಗೋವಾಗ ಕೈ ಮಾಡಿ ತೋರ್ಸಿದ್ರು, ನಾನು ಹೇಳಿದ್ದೆಲ್ಲ ಅಕ್ಷರದಲ್ಲಿ ಬತ್ತದೆ, ಒಬ್ಳೇ ಕೂತು ಓದು ಅಂತ. ಒತ್ತಿದೆ. ಚಿತ್ರ ಬರ್ಲಿಲ್ಲ, ಅಕ್ಷರ ಬಂತು. ಬರ್ಕೊಂಡು ಬಂದಿದೀನಿ."

ಮೊಮ್ಮಗಳ ಕಾಪಿ ಪುಸ್ತಕದ ಹಾಳೆ. ನಾಲ್ಕು ಮಡಿಕೆ ಬಿಡಿಸಿ ಮೇಜಿನ ಮೇಲಿಟ್ಟರು. ದುಂಡಗಿನ ನೀಟಾದ ಅಕ್ಷರದಲ್ಲಿ, ಆಶ್ಚರ್ಯ ಚಿಹ್ನೆಯ ಸಮೇತ, ನನ್ನ ಎರಡು ಸಾಲು.

ಅಯ್ಯೋ ಭಗವಂತ ಅನಿಸಿತು. ಗಂಡನ ಮಾತು ಬರುತ್ತದೆ ಅಂತ ಕಾದು ಕೂತ ಹೆಂಗಸಿಗೆ ನಾನು ಕಳಿಸಿದ್ದು ಅದು.

"ಇದು ನಮ್ಮೋರು ಆಡಿದ ಮಾತಲ್ಲ" ಅಂದರು ರಂಗಮ್ಮ. "ಅವರು ನಾಯಿಗೂ ತಿಪ್ಪೆಗೆ ಹೋಗು ಅನ್ನಲ್ಲ. ಯಾರು ಬರೆದಿದ್ದು ಇದನ್ನ?"

ಆಗಲೇ ಹೇಳಬಹುದಿತ್ತು. ಮೂರು ಶಬ್ದ ಸಾಕಿತ್ತು. ನಾನು ಕಿಟಕಿ ಪಕ್ಕದ ತನ್ನ ಮೂಲೆಯಲ್ಲಿ ಕೂತಿದ್ದ ಮಹೇಶನ ಕಡೆ ತಿರುಗಿ, ಧ್ವನಿ ತಗ್ಗಿಸಿ, ಅಂದೆ: "ಲೋ, ನಾನು ತಮಾಷೆಗೆ ಬರೆದಿದ್ದು ಅಳಿಸೋಕೆ ಮರೆತೆ ಕಣೋ. ಸುಮ್ನಿರು, ಈಯಮ್ಮಂಗೆ ಕೇಳಲ್ಲ. ಫೋನ್ ಕಂಪನಿಯೋರದ್ದು ಅಂತ ಹೇಳಿ ಕಳಿಸ್ತೀನಿ."

ಮಹೇಶ ತಲೆ ತಗ್ಗಿಸಿದ.

ನಾನು ಪೆನ್ನು ತೆಗೆದುಕೊಂಡು, ಅವರ ದುಂಡಗಿನ ಅಕ್ಷರದ ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ: "ಇದು ನಾವು ಬರೆದದ್ದಲ್ಲ. ಫೋನ್ ಕಂಪನಿಯವರದ್ದು. ಬೇಜಾರು ಮಾಡಿಕೊಳ್ಳಬೇಡಿ."

ರಂಗಮ್ಮ ಓದಿದರು. ನನ್ನ ಮುಖ ನೋಡಿದರು. "ಹ್ಞೂಂ" ಅಂದರು, ಅಷ್ಟೆ.

ಆ ಹ್ಞೂಂ ನನಗೆ ಸಾಕಾಗಲಿಲ್ಲ. ಅವರು ನಗುನಗುತ್ತಾ ಹೋಗಬೇಕು, ನನ್ನ ಮನಸ್ಸು ಹಗುರಾಗಬೇಕು. ಇಲ್ಲೇ ನೋಡಿ ಅಂತ ಕೈ ಮಾಡಿ ನನ್ನ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದೆ. ಪುಟ ತೆರೆದು ಪ್ಲೇ ಒತ್ತಿದೆ. ಸಣ್ಣಸ್ವಾಮಣ್ಣ ಮಾತು ಶುರು ಮಾಡಿದರು, ಕೆಳಗೆ ಅಕ್ಷರ ಬಂತು. ರಂಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದರು.

"ಅಂಗಿ ಬೇರೆ ಹಾಕ್ಕೋಬಾರದಿತ್ತಾ" ಅಂದರು ಒಮ್ಮೆ. "ಸುಣ್ಣ ಸೋಸಿಲ್ಲ ನೋಡು, ನಳಿಕೆ ಕಟ್ಕೊಳ್ತದೆ" ಅಂದರು. ಅಷ್ಟರಲ್ಲೇ ಕೆಳಗೆ "ಈಗ ಸುಣ್ಣದ ನೀರನ್ನ ಬಟ್ಟೇಲಿ ಸೋಸ್ಕೊಳ್ಳಿ" ಅಂತ ಬಂದಾಗ ಮಗುವಿನ ಹಾಗೆ ನಕ್ಕರು. ಮಹೇಶನೂ ನಕ್ಕ. ಬಚಾವಾದೆ ಅಂದುಕೊಂಡೆ.

ಕತ್ತಿ ಅದ್ದಿದರು. ಅಕ್ಷರ ನಿಂತಿತು. ಸಣ್ಣಸ್ವಾಮಣ್ಣನ ಬಾಯಿ ಆಡುತ್ತಲೇ ಇತ್ತು. ರಂಗಮ್ಮನ ಮುಖದಲ್ಲಿದ್ದ ನಗು ಮೆಲ್ಲಗೆ ಹೋಯಿತು. "ಈಗ ಕತ್ತಿ ಎತ್ತಿ ನೋಡಿ" ಅಂತ ಅಕ್ಷರ ಬಂತು.

"ಹಿಂದಕ್ಕೆ ಹಾಕು" ಅಂದರು.

ಪಟ್ಟಿಯನ್ನು ಹಿಂದಕ್ಕೆ ಎಳೆದೆ. ಮತ್ತೆ ನೋಡಿದರು.

"ಇಲ್ಲಿ ಅಷ್ಟು ಹೊತ್ತು ಮಾತಾಡ್ತಾರೆ. ಅಕ್ಷರ ಎಲ್ಲಿ?"

ಏನೂ ಇಲ್ಲ ಅನ್ನುವ ಹಾಗೆ ನಾನು ಕೈ ಆಡಿಸಿದೆ.

"ಏನೂ ಇಲ್ಲ ಅನ್ಬೇಡ. ನನ್ನ ಹೆಸರು ಹೇಳವ್ರೆ. ನಲವತ್ತು ವರ್ಷದಿಂದ ಆ ಬಾಯಿ ನೋಡಿದೀನಿ ನಾನು, ರಂಗಮ್ಮ ಅನ್ನೋವಾಗ ಹೆಂಗಾಯ್ತದೆ ಅಂತ ಗೊತ್ತಿಲ್ವಾ? ಮೀಸೆ ಅಡ್ಡ ಬತ್ತದೆ, ಮಿಕ್ಕಿದ್ದು ಕಾಣ್ತಿಲ್ಲ. ಮುಖ ಚೆನ್ನಾಗಿ ಕಂಡ್ರೆ ಯಾರು ಏನಂದ್ರೂ ನಂಗೆ ಗೊತ್ತಾಯ್ತದೆ."

ಯಾರು ಏನಂದರೂ. ಹತ್ತು ನಿಮಿಷದ ಹಿಂದೆ ನಾನು ಮಹೇಶನ ಕಡೆ ತಿರುಗಿದಾಗ ಕಿಟಕಿಯ ಬೆಳಕು ನೇರ ನನ್ನ ಮುಖದ ಮೇಲಿತ್ತು. ರಂಗಮ್ಮ ಪಕ್ಕದಲ್ಲೇ ಕೂತಿದ್ದರು. ನನಗೆ ಮೀಸೆಯೂ ಇಲ್ಲ.

ಎಲ್ಲ ಗೊತ್ತಿದ್ದೂ ಅವರು ಹ್ಞೂಂ ಅಂದಿದ್ದರು.

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಆ ಹೊತ್ತಿನಲ್ಲಿ ನನಗೆ ಮೊದಲ ಮಹಡಿಯಿಂದ ಅಷ್ಟು ದೂರ ಇಳಿಯುವ ಧೈರ್ಯವೂ ಇರಲಿಲ್ಲ. ಮಹೇಶನನ್ನು ನೋಡಿದೆ. ಅವನು ಹೆಡ್‌ಫೋನು ತೆಗೆದು ನನ್ನ ಮುಂದೆ ಇಟ್ಟ. "ಕೇಳಿ ಬರಿ" ಅಂದ. ಅವನು ನನಗೆ ಎಂದೂ ಹಾಗೆ ಆಜ್ಞೆ ಮಾಡಿದವನಲ್ಲ.

ಅಕ್ಷರದ ಫೈಲು ತೆರೆದೆ. ಪರದೆಯ ಅರ್ಧದಲ್ಲಿ ಫೈಲು, ಅರ್ಧದಲ್ಲಿ ವಿಡಿಯೊ. ರಂಗಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಮೂರು ನಿಮಿಷ ಹನ್ನೆರಡನೇ ಸೆಕೆಂಡಿನಿಂದ ಕೇಳಿ ನಿಲ್ಲಿಸಿ, ಕೇಳಿ ನಿಲ್ಲಿಸಿ, ಅವರ ಕಣ್ಣೆದುರೇ ಒಂದೊಂದು ಸಾಲು ಟೈಪ್ ಮಾಡಿದೆ. ಸರಿಪಡಿಸಲಿಲ್ಲ, ಚಂದ ಮಾಡಲಿಲ್ಲ. ಅವರು ಅಂದ ಹಾಗೇ.

"ಈ ಕತ್ತಿ ನೋಡೋದು ನಂಗೆ ಹೇಳ್ಕೊಟ್ಟಿದ್ದು ನಮ್ಮನೆ ರಂಗಮ್ಮ."

"ಒಂದ್ಸಲ ನೋಡ್ದೆ ಹೊಡೆದ್ಬಿಟ್ಟೆ. ಸುಣ್ಣ ಸಾಲ್ದೆ ಒಂದು ಬ್ಲಾಕಿನ ಮೆಣಸಿನೆಲೆ ಸುಟ್ಟೋಯ್ತು."

"ತೋಟದ ರೈಟ್ರು ಬಂದು ಯಾರು ಕಲೆಸಿದ್ದು ಅಂದಾಗ, ಸುಣ್ಣ ಅಳೆದೋಳು ನಾನು ಅಂತ ಅವಳು ತಪ್ಪು ಹೊತ್ಕೊಂಡ್ಲು."

"ಅವಳ ಕೆಲ್ಸ ಹೋಯ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ."

"ಅವಳಿಗೆ ಕಿವಿ ಇದ್ದಾಗ ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಂದೇ ರಂಗಮ್ಮ."

ಕೊನೆಯ ಸಾಲು ಟೈಪ್ ಮಾಡುವಾಗ ಕಣ್ಣು ಮಂಜಾಗಿ ಎರಡು ಸಲ ತಪ್ಪಿದೆ. ಇದನ್ನು ನಾನು ಮನೆ ಮಾತು ಅಂತ ಬಿಟ್ಟಿದ್ದೆ. ಮೂರು ಸಲ ಸಂಘಕ್ಕೆ ಬಂದು ಅಕ್ಷರ ಹಾಕಿ ಅಂತ ಆ ಮನುಷ್ಯ ಕೇಳಿಕೊಂಡದ್ದು ಎಪ್ಪತ್ತು ಸಾಲಿಗಲ್ಲ, ಈ ಐದು ಸಾಲಿಗೆ. ಹೆಂಡತಿಯ ಮುಖ ನೋಡಿ ಹೇಳಲಾಗದೆ ಕ್ಯಾಮೆರಾ ನೋಡಿ ಹೇಳಿದ್ದರು. ಬರೆದುಕೊಡಲು ಅಕ್ಷರ ಬಾರದೆ ನನ್ನನ್ನು ನಂಬಿದ್ದರು.

ರಂಗಮ್ಮ ಪರದೆಯ ಮೇಲೆ ಬೆರಳಿಟ್ಟು ಓದಿದರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಅಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು.

"ಇಷ್ಟು ದಿನ ಸುಮ್ನಿದ್ರಲ್ಲ, ಮರ್ತೇ ಹೋಗವ್ರೇನೋ ಅಂದ್ಕೊಂಡಿದ್ದೆ" ಅಂದರು. "ಕೆಲ್ಸ ಹೋಗಿದ್ದಕ್ಕೆ ನಂಗೆ ಬೇಜಾರಿರ್ಲಿಲ್ಲ ಕಣವ್ವ. ಸಂಜೆ ಮನೆಗೆ ಬಂದ್ಮೇಲಾದ್ರೂ ಒಂದು ಮಾತು ಅಂತಾರೆ ಅಂತ ಕಾದಿದ್ದೆ."

ನಾನು ಫೈಲು ಉಳಿಸಿ ಸರ್ವರಿಗೆ ಏರಿಸಿದೆ. ಪುಟ ಮತ್ತೆ ತೆರೆದು ಆ ಜಾಗಕ್ಕೆ ಎಳೆದೆ. ಈ ಸಲ ಅವರ ಬಾಯಿ ಆಡಿದಷ್ಟು ಹೊತ್ತೂ ಕೆಳಗೆ ಅಕ್ಷರ ಇತ್ತು. ರಂಗಮ್ಮ ನೋಡಿ ಮುಗಿಸಿ, ಮೇಜಿನ ಮೇಲಿದ್ದ ಹಾಳೆಯನ್ನು ಒಂದು ಬೆರಳಿನಿಂದ ನನ್ನ ಕಡೆ ತಳ್ಳಿದರು. ಮೇಲೆ ನನ್ನ ತಮಾಷೆ, ಕೆಳಗೆ ನನ್ನ ಸುಳ್ಳು.

"ಅವರಿಗೆ ಮೂವತ್ತೊಂದು ವರ್ಷ ಬೇಕಾಯ್ತು" ಅಂದರು. "ನಿಂಗೆ ಎಷ್ಟು ಬೇಕು?"

ಪೆನ್ನು ತೆಗೆದುಕೊಂಡೆ. ಬರೆದರೆ ತಲೆ ತಗ್ಗಿಸಿಕೊಂಡೇ ಇರಬಹುದು, ಮುಖ ತೋರಿಸಬೇಕಾಗಿಲ್ಲ. ಅದು ಹೊಳೆದ ಕೂಡಲೇ ಪೆನ್ನು ಕೆಳಗಿಟ್ಟೆ. ಕಿಟಕಿಯ ಕಡೆ, ಬೆಳಕು ಬೀಳುವ ಹಾಗೆ ತಿರುಗಿ ಕೂತೆ. ತುಟಿ ಕಾಣಲಿ ಅಂತ ನಿಧಾನವಾಗಿ ಅಂದೆ.

"ಅದನ್ನ ಬರೆದೋಳು ನಾನೇ, ಅಮ್ಮ. ಕಂಪನಿ ಅಂದಿದ್ದು ಸುಳ್ಳು. ನಿಮ್ಮೋರ ಮಾತು ಬಿಟ್ಟಿದ್ದೂ ನಾನೇ. ತಪ್ಪಾಯ್ತು."

ರಂಗಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ನನ್ನ ಬಾಯಿಯನ್ನು ಯಾರೂ ಹಾಗೆ ಕೊನೆಯ ಅಕ್ಷರದವರೆಗೆ ನೋಡಿರಲಿಲ್ಲ.

"ಗೊತ್ತಾಯ್ತು" ಅಂದರು. ಪರವಾಗಿಲ್ಲ ಅನ್ನಲಿಲ್ಲ. ಅನ್ನಲಿ ಅಂತ ನಾನು ಕಾದೆ, ಅದಕ್ಕೂ ನಾಚಿಕೆಯಾಯಿತು. "ಈಗ ಆ ಜಾಗದಲ್ಲಿ ಏನು ಬರೀತೀಯ? ಇಂಥ ಫೋನು ನನ್ನೊಬ್ಬಳ ಹತ್ರ ಇಲ್ಲ. ನಮ್ಮ ತೋಟದ ಲೈನ್ ಮನೆಗಳಲ್ಲೇ ನಾಲ್ಕು ಜನದ ಹತ್ರ ಅದೆ."

"ನೀವೇ ಹೇಳಿ" ಅಂದೆ, ಮುಖ ಅವರ ಕಡೆಗೇ ಇಟ್ಟುಕೊಂಡು.

ಅವರು ಸ್ವಲ್ಪ ಯೋಚಿಸಿ ಹೇಳಿದರು. ನಾನು ಹಳೆಯ ಎರಡು ಸಾಲು ಅಳಿಸಿ, ಟ್ಯಾಗಿನ ನಡುವೆ ಅವರ ಮಾತನ್ನೇ ಹಾಕಿದೆ. ವಿಡಿಯೊದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ಸಣ್ಣಸ್ವಾಮಣ್ಣ ಹೇಳಿದ್ದಷ್ಟನ್ನೂ ಬರೀ ಅಕ್ಷರದಲ್ಲಿ ಮೊದಲಿನಿಂದ ಕೊನೆಯವರೆಗೆ ಅಂಟಿಸಿದೆ. ಆ ಐದು ಸಾಲಿನ ಹತ್ತಿರ ನಿಲ್ಲಿಸಿ ಅವರ ಮುಖ ನೋಡಿದೆ. ಊರವರೆಲ್ಲ ಓದುತ್ತಾರೆ, ಇರಲಾ?

"ಇರ್ಲಿ. ಎಲ್ಲಾರ ಮುಂದೆ ಹೇಳ್ಬೇಕು ಅಂತ್ಲೇ ಅಲ್ವಾ ಅವರು ಹೇಳಿದ್ದು."

ಪುಟ ಏರಿಸಿದೆ. ರಂಗಮ್ಮ ತಮ್ಮ ಫೋನಿನಲ್ಲಿ ಲಿಂಕು ಒತ್ತಿದರು. ಬಹಳ ಹೊತ್ತು ತಿರುಗಿ ತಿರುಗಿ, ಆಮೇಲೆ ಬಂತು. ನನಗೆ ಓದಲು ಫೋನು ಕೊಡಲಿಲ್ಲ. ತಾವೇ ಜೋರಾಗಿ, ಏರಿಳಿತವಿಲ್ಲದೆ ಓದಿದರು.

"ಈ ಫೋನಲ್ಲಿ ಚಿತ್ರ ಬರಲ್ಲ. ಅದು ಫೋನಿನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಸಣ್ಣಸ್ವಾಮಿ ಹೇಳಿದ್ದೆಲ್ಲ ಕೆಳಗೆ ಬರೆದಿದೆ. ನಿಧಾನಕ್ಕೆ ಓದ್ಕೊಳ್ಳಿ."

ಆಮೇಲೆ ಕೆಳಮುಖದ ಗುಂಡಿಯನ್ನು ಒತ್ತುತ್ತಾ ಹೋದರು. ಸುಣ್ಣ, ಮೈಲುತುತ್ತು, ಡ್ರಮ್ಮು ಎಲ್ಲ ದಾಟಿ ಒಂದು ಕಡೆ ಬೆರಳು ನಿಂತಿತು. ಅಲ್ಲಿ ಜೋರಾಗಿ ಓದಲಿಲ್ಲ. ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಕವರಿಗೆ ಹಾಕಿಕೊಂಡು ಎದ್ದರು. ಹನ್ನೆರಡೂಕಾಲರ ಬಸ್ಸಿಗೆ ಹೊತ್ತಾಯಿತು ಅಂದರು.

ಬಾಗಿಲ ಹತ್ತಿರ ನಿಂತು ತಿರುಗಿದರು. "ಆ ಹಾಳೆ ನೀನೇ ಇಟ್ಕೋ" ಅಂದರು.

ಅದು ಈಗಲೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ಬಂದವರು ಇದೇನು ಅಂತ ಕೇಳುತ್ತಾರೆ. ಮೊದಮೊದಲು ಏನೂ ಇಲ್ಲ ಅನ್ನುತ್ತಿದ್ದೆ. ಈಗ ಮುಖ ಎತ್ತಿ ಹೇಳುತ್ತೇನೆ.